ಜರ್ಸಿಯ ಮೇಲೆ ಅಂಗಡಿಯ ಹೆಸರು: ಪ್ರಾಯೋಜಕತ್ವದ ಪತ್ರವನ್ನು ಹೇಗೆ ಬರೆಯಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನು ತಿಪಟೂರಿನ ಒಂದು ಕ್ರಿಕೆಟ್ ಕ್ಲಬ್‌ನ ಕಾರ್ಯದರ್ಶಿ. ನಮ್ಮದು ನೋಂದಾಯಿತ ಸಂಘ. ಹೋದ ವರ್ಷ ಸುತ್ತಲಿನ ಹೋಬಳಿಗಳಲ್ಲಿ 6 ಟೆನಿಸ್ ಬಾಲ್ ಟೂರ್ನಿಗಳಲ್ಲಿ ಒಟ್ಟು 14 ಪಂದ್ಯ ಆಡಿದ್ದೇವೆ. ಪಂಪ್‌ಸೆಟ್ ಮತ್ತು ಪೈಪ್ ಮಾರುವ ಅಂಗಡಿಯೊಂದಕ್ಕೆ, ಜರ್ಸಿ ಮೇಲೆ ನಿಮ್ಮ ಲೋಗೊ ಹಾಕುತ್ತೇವೆ, 50,000 ರೂಪಾಯಿ ಸಹಾಯ ಮಾಡಿ ಎಂದು ಪತ್ರ ಕೊಟ್ಟೆವು. ಮಾಲೀಕರು ಓದಿ "ನೋಡೋಣ ಬಿಡಿ" ಎಂದರು, ತಿಂಗಳಾದರೂ ಉತ್ತರವಿಲ್ಲ. ಪತ್ರದಲ್ಲಿ ತಪ್ಪೇನಾಗಿದೆ? ಪ್ರತಿಯನ್ನು ಕಳಿಸಿದ್ದೇನೆ, ತಿದ್ದಿಕೊಡುತ್ತೀರಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಭಾಷೆಯಲ್ಲಿ ದೋಷವಿಲ್ಲ, ವಿನಯವೂ ಇದೆ. ಆದರೆ ಅದು ದೇಣಿಗೆ ಕೇಳುವ ಪತ್ರವಾಗಿದೆ. "ಯುವಕರ ಕ್ರೀಡಾಸಕ್ತಿಯನ್ನು ಪ್ರೋತ್ಸಾಹಿಸಲು ತಮ್ಮ ಉದಾರ ಧನಸಹಾಯವನ್ನು ಕೋರುತ್ತೇವೆ" ಎಂದು ಮೊದಲ ಪ್ಯಾರಾದಲ್ಲಿಯೇ ಬರೆದಿದ್ದೀರಿ. ಲೋಗೊದ ಮಾತು ಕೊನೆಯಲ್ಲಿ, ಅದೂ ಒಂದೇ ವಾಕ್ಯದಲ್ಲಿ, ಕೃತಜ್ಞತೆಯ ರೂಪದಲ್ಲಿ ಬರುತ್ತದೆ. ಅಂಗಡಿಯವರ ಮೇಜಿಗೆ ಗಣೇಶೋತ್ಸವದಿಂದ ರಾಜ್ಯೋತ್ಸವದವರೆಗೆ ಇಂಥ ಕೋರಿಕೆಗಳು ಬರುತ್ತಲೇ ಇರುತ್ತವೆ, ಅವುಗಳಿಗೆ ಅವರು ಕೊಡುವುದು 500 ಅಥವಾ 1,000 ರೂಪಾಯಿ. ಅದೇ ಸಾಲಿನಲ್ಲಿ ನಿಂತು 50,000 ಕೇಳಿದರೆ "ನೋಡೋಣ ಬಿಡಿ" ಎನ್ನದೆ ಬೇರೆ ದಾರಿ ಅವರಿಗೆ ಇರುವುದಿಲ್ಲ.

ನಾನು ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡುವ ವೃತ್ತಿಯವನು, ಹಿಂದೆ ಹಲವು ವರ್ಷ ಒಂದು ಕ್ಲಬ್‌ನ ಖಜಾಂಚಿಯೂ ಆಗಿದ್ದೆ. ಪತ್ರ ಕೊಡುವವರ ಕಡೆಯಲ್ಲಿಯೂ ಪಡೆಯುವವರ ಕಡೆಯಲ್ಲಿಯೂ ಕುಳಿತ ಅನುಭವದಿಂದ ಹೇಳುವುದಾದರೆ, ಪತ್ರದಲ್ಲಿ ನೀವು ಬಳಸುವ ಪದವೇ ಆ ಹಣ ಅಂಗಡಿಯ ಲೆಕ್ಕದಲ್ಲಿ ಯಾವ ಖಾತೆಗೆ ಹೋಗಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ವ್ಯಾಪಾರಕ್ಕಾಗಿಯೇ ಮಾಡಿದ ಜಾಹೀರಾತಿನ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಲಾಭದಿಂದ ಕಳೆಯಬಹುದು. ಕ್ಲಬ್‌ಗೆ ಕೊಟ್ಟ ಸಹಾಯಧನವನ್ನು ಹಾಗೆ ಕಳೆಯಲಾಗುವುದಿಲ್ಲ. "ಧನಸಹಾಯ" ಎಂದು ಬರೆದ ಪತ್ರವನ್ನು ಕಡತದಲ್ಲಿಟ್ಟುಕೊಂಡು ಅದನ್ನು ಜಾಹೀರಾತಿನ ಖರ್ಚೆಂದು ತೋರಿಸಲು ಅವರ ಲೆಕ್ಕಿಗರು ಹಿಂಜರಿಯುತ್ತಾರೆ. ಆದ್ದರಿಂದ ಹೊಸ ಪತ್ರ ಜಾಹೀರಾತಿನ ಜಾಗವನ್ನು ಮಾರುವ ಪತ್ರವಾಗಬೇಕು. ಆ ಜಾಗ ಎಷ್ಟು, ಎಲ್ಲಿ, ಎಷ್ಟು ದಿನ, ಯಾರ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಅಳತೆಯಿಟ್ಟು ಹೇಳಬೇಕು.

ಮೊದಲು ಯಾರ ಕಣ್ಣಿಗೆ ಎಂಬುದನ್ನು ನೋಡೋಣ. ನೀವು ಆರಿಸಿಕೊಂಡ ಅಂಗಡಿ ಬಹಳ ಸರಿಯಾದದ್ದು, ಆದರೆ ಅದು ಏಕೆ ಸರಿ ಎಂಬ ಮಾತು ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ಪಂಪ್‌ಸೆಟ್, ಪೈಪು, ಹನಿ ನೀರಾವರಿಯ ಸಾಮಾನುಗಳನ್ನು ಕೊಳ್ಳುವವರು ತೆಂಗಿನ ತೋಟದ ರೈತರು, ಆ ವ್ಯಾಪಾರ ಬಿರುಸಾಗುವುದು ಬೇಸಿಗೆಯಲ್ಲಿ. ಹೊನ್ನವಳ್ಳಿ, ನೊಣವಿನಕೆರೆ, ಕಿಬ್ಬನಹಳ್ಳಿ ಕಡೆಯ ನಿಮ್ಮ ಟೂರ್ನಿಗಳು ನಡೆಯುವುದೂ ಸುಗ್ಗಿ ಮುಗಿದ ಮೇಲೆ, ಜನವರಿಯಿಂದ ಮೇ ಒಳಗೆ. ಬೌಂಡರಿಯ ಸುತ್ತ ನಿಂತು ನೋಡುವವರು ಅದೇ ರೈತರು, ಅವರ ಮಕ್ಕಳು, ಬೋರ್‌ವೆಲ್ ಮೋಟಾರ್ ಎತ್ತಿ ಇಳಿಸುವ ಮೆಕ್ಯಾನಿಕ್‌ಗಳು. ಅಂಗಡಿಯ ಗಿರಾಕಿಯೂ ನಿಮ್ಮ ಪ್ರೇಕ್ಷಕರೂ ಒಬ್ಬರೇ, ಅದೂ ಒಂದೇ ತಿಂಗಳುಗಳಲ್ಲಿ. ಈ ಒಂದು ಸಂಗತಿಯನ್ನು ಎರಡು ವಾಕ್ಯದಲ್ಲಿ ಬರೆದರೆ ಸಾಕು, ಕ್ಲಬ್‌ನ ಇತಿಹಾಸಕ್ಕೆ ನೀವು ಕೊಟ್ಟಿರುವ ಮುಕ್ಕಾಲು ಪುಟಕ್ಕಿಂತ ಅದಕ್ಕೆ ಹೆಚ್ಚು ತೂಕವಿರುತ್ತದೆ.

ಎಷ್ಟು ಪಂದ್ಯ ಎಂಬ ವಿಷಯದಲ್ಲಿ ಎಚ್ಚರಿಕೆ ಬೇಕು. ಹೋದ ವರ್ಷ 14 ಪಂದ್ಯ ಆಡಿದಿರೆಂದು ಈ ವರ್ಷವೂ 14 ಪಂದ್ಯದ ಮಾತು ಕೊಡಬೇಡಿ. ನಿಮ್ಮ ಟೂರ್ನಿಗಳು ನಾಕೌಟ್ ಮಾದರಿಯವು, ಮೊದಲ ಪಂದ್ಯದಲ್ಲಿ ಸೋತರೆ ಅಲ್ಲಿಗೇ ಮುಗಿಯಿತು. ಹಾಗಾಗಿ 6 ಟೂರ್ನಿಗೆ ಪ್ರವೇಶ ಶುಲ್ಕ ಕಟ್ಟಿದರೆ ನೀವು ಖಚಿತವಾಗಿ ಹೇಳಬಹುದಾದದ್ದು 6 ಪಂದ್ಯ ಮಾತ್ರ. ಪತ್ರದಲ್ಲಿ ಕನಿಷ್ಠ 6 ಎಂದು ಮಾತು ಕೊಟ್ಟು, ಹೋದ ವರ್ಷ 14 ಆಗಿತ್ತೆಂಬುದನ್ನು ಮಾಹಿತಿಯಾಗಿ ಮಾತ್ರ ತಿಳಿಸಿ. ಏಪ್ರಿಲ್, ಮೇ ತಿಂಗಳ ಮಳೆಗೆ ಪಂದ್ಯ ರದ್ದಾಗುವುದುಂಟು. 6 ತುಂಬದಿದ್ದರೆ ಮುಂದಿನ ಋತುವಿನಲ್ಲಿ ಅದೇ ಜರ್ಸಿಯಲ್ಲಿ ಆಡಿ ತುಂಬಿಸಿಕೊಡುತ್ತೇವೆ ಎಂದು ಸೇರಿಸಿ. ಇನ್ನೂ ಒಂದು ವಿಚಾರವನ್ನು ಈಗಲೇ ವಿಚಾರಿಸಿಕೊಳ್ಳಿ. ಕೆಲವು ಟೂರ್ನಿಗಳಲ್ಲಿ, ಅದರಲ್ಲೂ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ ಊರಿನ ಪ್ರೀಮಿಯರ್ ಲೀಗ್‌ಗಳಲ್ಲಿ, ಸಂಘಟಕರೇ ಜರ್ಸಿ ಕೊಡುತ್ತಾರೆ, ಅಲ್ಲಿ ನಿಮ್ಮ ಜರ್ಸಿಗೆ ಅವಕಾಶವಿರುವುದಿಲ್ಲ. ಅಂಥವನ್ನು ಎಣಿಕೆಯಿಂದ ಬಿಟ್ಟುಬಿಡಿ. ಮುಂದೆ ಲೆದರ್ ಬಾಲ್ ಲೀಗ್ ಆಡುವ ಯೋಚನೆಯಿದ್ದರೆ ಉಡುಪಿನ ಬಣ್ಣ ಮತ್ತು ಲೋಗೊದ ನಿಯಮವನ್ನು ರಾಜ್ಯ ಕ್ರಿಕೆಟ್ ಸಂಸ್ಥೆಯ ತುಮಕೂರು ವಲಯದ ಸಂಚಾಲಕರಲ್ಲಿ ಮೊದಲೇ ಕೇಳಿ, ಆ ಪಂದ್ಯಗಳನ್ನು ಆಮೇಲೆ ಸೇರಿಸಿ.

ಇನ್ನು ಜಾಗ. ನಿಮ್ಮ ಪತ್ರದಲ್ಲಿ "ಜರ್ಸಿಯ ಮೇಲೆ ಲೋಗೊ" ಎಂದಷ್ಟೇ ಇದೆ. ಜರ್ಸಿ ಎಂದ ಕೂಡಲೇ ಎಲ್ಲರೂ ಎದೆಯನ್ನೇ ದೊಡ್ಡ ಜಾಗವೆಂದು ತಿಳಿಯುತ್ತಾರೆ, ಟಿವಿಯಲ್ಲಿ ನೋಡಿ ಬಂದ ಅಭ್ಯಾಸ ಅದು. ಟಿವಿಯಲ್ಲಿ ಹತ್ತಾರು ಕ್ಯಾಮೆರಾಗಳು ಆಟಗಾರನ ಮುಖವನ್ನೇ ಹುಡುಕಿಕೊಂಡು ಹೋಗುತ್ತವೆ. ಹಳ್ಳಿಯ ಮೈದಾನದಲ್ಲಿ ಆ ಕ್ಯಾಮೆರಾಗಳಿಲ್ಲ, ನೋಡುವವರೆಲ್ಲ ಗೆರೆಯಾಚೆ ನಿಂತಿರುತ್ತಾರೆ. ಎರಡು ಅಂಗುಲ ಎತ್ತರದ ಅಕ್ಷರವನ್ನು ಇಪ್ಪತ್ತು ಅಡಿಯಿಂದ ಸಲೀಸಾಗಿ ಓದಬಹುದು, ಅರವತ್ತು ಅಡಿಗೆ ಕಷ್ಟಪಟ್ಟು ಓದಬಹುದು, ಪಿಚ್ಚಿನ ಬಳಿ ನಿಂತವನ ಎದೆಯ ಮೇಲಿನ ಹೆಸರನ್ನು ಬೌಂಡರಿಯಿಂದ ಓದುವುದು ಆಗದ ಮಾತು. ಪ್ರೇಕ್ಷಕರಿಗೆ ಹತ್ತಿರವಿರುವವನು ಬೌಂಡರಿ ಕಾಯುವ ಫೀಲ್ಡರ್, ಅವನು ಅವರಿಗೆ ಬೆನ್ನು ಮಾಡಿ ಓವರುಗಟ್ಟಲೆ ನಿಂತಿರುತ್ತಾನೆ. ಯೂಟ್ಯೂಬ್ ನೇರಪ್ರಸಾರ ಇರುವ ಕಡೆ ಕ್ಯಾಮೆರಾ ಸಾಮಾನ್ಯವಾಗಿ ಒಂದೇ ತುದಿಯಲ್ಲಿ, ಸೈಟ್‌ಸ್ಕ್ರೀನ್ ಇರುವ ಜಾಗದಲ್ಲಿ ಇರುತ್ತದೆ. ಒಂದು ಓವರಿನಲ್ಲಿ ಬೌಲರ್‌ನ ಬೆನ್ನು, ಮರು ಓವರಿನಲ್ಲಿ ವಿಕೆಟ್ ಕೀಪರ್‌ನ ಬೆನ್ನು ಅದಕ್ಕೆ ಸಿಗುತ್ತದೆ. ಎದೆಯ ಉಪಯೋಗ ಬೇರೆ: ತಂಡದ ಗುಂಪು ಚಿತ್ರ, ಬಹುಮಾನ ವಿತರಣೆಯ ಚಿತ್ರ, ಮರುದಿನ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಪಂದ್ಯಶ್ರೇಷ್ಠನ ಚಿತ್ರ.

ಆದ್ದರಿಂದ ನನ್ನ ಸಲಹೆಯೆಂದರೆ ಮುಖ್ಯ ಜಾಗವಾಗಿ ಬೆನ್ನನ್ನೇ ಕೊಡಿ, ಜೊತೆಗೆ ಎದೆಯ ನಡುವೆ ಸಣ್ಣದಾಗಿ ಅದೇ ಹೆಸರನ್ನು ಹಾಕಿ. ಬೆನ್ನಿನಲ್ಲಿ ಎಲ್ಲಿ ಎಂಬುದೂ ಮುಖ್ಯ. ನಾನು ಖಜಾಂಚಿಯಾಗಿದ್ದಾಗ ಇದರಲ್ಲಿ ಎಡವಿದ್ದೇನೆ. ಬೆನ್ನಿನ ಮೇಲ್ಭಾಗದಲ್ಲಿ ಆಟಗಾರನ ಹೆಸರು, ನಡುವೆ ಅಂಕಿ, ಅದರ ಕೆಳಗೆ ಪ್ರಾಯೋಜಕರ ಹೆಸರು ಎಂದು ಮುದ್ರಿಸಿದೆವು. ಮೊದಲ ಪಂದ್ಯಕ್ಕೆ ಅಂಗಡಿಯ ಯಜಮಾನರು ಮನೆಯವರನ್ನೆಲ್ಲ ಕರೆದುಕೊಂಡು ಬಂದರು. ಹುಡುಗರೆಲ್ಲ ಜರ್ಸಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡಿದ್ದರಿಂದ ಅಂಗಡಿಯ ಹೆಸರಿನ ಅರ್ಧ ಸೊಂಟದ ಕೆಳಗೆ ಹೋಗಿತ್ತು. ಅವರು ಏನೂ ಅನ್ನಲಿಲ್ಲ, ಆದರೆ ಮರುವರ್ಷ ನಮ್ಮ ಪತ್ರಕ್ಕೆ ಉತ್ತರ ಬರಲಿಲ್ಲ. ತಪ್ಪು ಪೂರ್ತಿ ನಮ್ಮದೇ. ಪ್ರಾಯೋಜಕರ ಹೆಸರು ಭುಜದಿಂದ ಭುಜಕ್ಕೆ, ಅಂಕಿಯ ಮೇಲೆ ಇರಬೇಕು, ಆಟಗಾರನ ಹೆಸರು ಅಂಕಿಯ ಕೆಳಗೆ ಹೋಗಲಿ. ಪತ್ರ ಕೊಡುವ ಮುನ್ನ ಅಂಗಡಿಯ ಹೆಸರನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಒಂದು ಹಳೆಯ ಟೀಶರ್ಟಿನ ಬೆನ್ನಿಗೆ ಪಿನ್ನು ಹಾಕಿ, ಒಬ್ಬ ಹುಡುಗನನ್ನು ಲಾಂಗ್ ಆನ್‌ನಲ್ಲಿ ನಿಲ್ಲಿಸಿ ಗೆರೆಯ ಹೊರಗಿನಿಂದ ಒಂದು ಫೋಟೊ ತೆಗೆಯಿರಿ. ಆ ಫೋಟೊವನ್ನು ಪತ್ರಕ್ಕೆ ಲಗತ್ತಿಸಿದರೆ ಮಾಲೀಕರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಮುದ್ರಿಸುವುದು ಅಂಗಡಿಯ ಹೆಸರು ಮತ್ತು ಊರು ಇಷ್ಟೇ ಇರಲಿ. ಫೋನ್ ನಂಬರನ್ನೂ ಸೇರಿಸಿ ಎಂದು ಅವರು ಕೇಳಿಯೇ ಕೇಳುತ್ತಾರೆ. ಸೇರಿಸಿದರೆ ಹೆಸರಿನ ಅಕ್ಷರ ಚಿಕ್ಕದಾಗಿ ಎರಡನ್ನೂ ಓದಲಾಗದೆಂದು ಅದೇ ಕಾಗದದ ಪ್ರಯೋಗದಿಂದ ತೋರಿಸಿ. ಅವರು ಮಾರುವ ಪಂಪಿನ ಕಂಪನಿಯ ಲೋಗೊವನ್ನು ಮಾತ್ರ ನೀವಾಗಿ ಹಾಕಬೇಡಿ, ಅದನ್ನು ಬಳಸಲು ಅನುಮತಿ ಕೊಡಬೇಕಾದವರು ಆ ಕಂಪನಿಯವರು.

ಹಣದ ವಿಷಯಕ್ಕೆ ಬರುತ್ತೇನೆ. 50,000 ಎಲ್ಲಿಂದ ಬಂತೆಂದು ಪತ್ರದಲ್ಲಿ ಇಲ್ಲ. ಉದಾಹರಣೆಗೆ ಹೀಗೆ ಲೆಕ್ಕ ಹಾಕಿ, ದರಗಳನ್ನು ನಿಮ್ಮ ಊರಿನ ಕೊಟೇಶನ್ ನೋಡಿ ಬದಲಿಸಿಕೊಳ್ಳಿ. ಜರ್ಸಿ ಮತ್ತು ಟ್ರ್ಯಾಕ್ ಪ್ಯಾಂಟ್ ಸೇರಿ ಒಂದು ಜೊತೆಗೆ 750 ರೂಪಾಯಿಯಂತೆ 20 ಜೊತೆಗೆ 15,000. 6 ಟೂರ್ನಿಗಳ ಪ್ರವೇಶ ಶುಲ್ಕ ತಲಾ 2,500ರಂತೆ 15,000. ಚೆಂಡು ಮತ್ತು ಓಡಾಟಕ್ಕೆ 10,000. ಒಟ್ಟು 40,000. ಇಷ್ಟನ್ನೂ ಒಬ್ಬರೇ ಕೊಡಬೇಕೆಂದು ಕೇಳುವುದು ನ್ಯಾಯವಲ್ಲ, ಏಕೆಂದರೆ ನಿಮ್ಮ ಓಡಾಟದ ಖರ್ಚಿಗೂ ಅಂಗಡಿಯ ಹೆಸರಿಗೂ ಸಂಬಂಧವಿಲ್ಲ. ಜರ್ಸಿಯ ಪೂರ್ತಿ ಖರ್ಚು 15,000, ಆ ಜರ್ಸಿ ಮೈದಾನಕ್ಕಿಳಿಯಲು ಬೇಕಾದ ಪ್ರವೇಶ ಶುಲ್ಕದ ಒಂದು ಭಾಗ 10,000, ಹೀಗೆ 25,000 ಕೇಳಿ. ಉಳಿದದ್ದನ್ನು ಸದಸ್ಯರ ಚಂದಾದಿಂದಲೂ ತೋಳಿನ ಮೇಲಿನ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟೂ ತುಂಬಿಸಿಕೊಳ್ಳಿ. ಆ ಇನ್ನೊಬ್ಬರು ಪೈಪು, ಪಂಪು ಮಾರುವವರಾಗಿರಬಾರದು, ಇದನ್ನು ಪತ್ರದಲ್ಲಿಯೇ ಬರೆದುಕೊಡಿ. 20 ಜೊತೆಯಲ್ಲಿ 4 ಜೊತೆಗೆ ಆಟಗಾರರ ಹೆಸರು ಹಾಕಿಸದೆ ಅಂಕಿಯನ್ನಷ್ಟೇ ಹಾಕಿಸಿ. ನಮ್ಮ ಟೂರ್ನಿಗಳಲ್ಲಿ ಅತಿಥಿ ಆಟಗಾರರು ಬಂದೇ ಬರುತ್ತಾರೆ, ಅವರು ತಮ್ಮ ಹಳೆಯ ತಂಡದ ಜರ್ಸಿಯಲ್ಲಿ ಬೌಲಿಂಗ್ ಮಾಡಿದರೆ ಕ್ಯಾಮೆರಾದಲ್ಲಿ ಕಾಣುವುದು ಇನ್ನಾವುದೋ ಅಂಗಡಿಯ ಹೆಸರು.

ತೆರಿಗೆಯ ಬಗ್ಗೆ ನೀವು ತಿಳಿದಿರಬೇಕಾದದ್ದು ಎರಡೇ ಸಂಗತಿ. ವ್ಯಾಪಾರದಲ್ಲಿ ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ಆ ಖರ್ಚನ್ನು ತೆರಿಗೆಯ ಲೆಕ್ಕದಲ್ಲಿ ಒಪ್ಪುವುದಿಲ್ಲ. ಹಾಗಾಗಿ ಕ್ಲಬ್‌ನ ಹೆಸರಿನ ಬ್ಯಾಂಕ್ ಖಾತೆಯ ವಿವರವನ್ನೇ ಕೊಡಿ. ನಿಮ್ಮ ಹಿಂದಿನ ಪತ್ರದಲ್ಲಿ ಕಾರ್ಯದರ್ಶಿಯ ಸ್ವಂತ ಫೋನ್‌ಪೇ ನಂಬರ್ ಕೊಟ್ಟಿರುವುದು ಸರಿಯಲ್ಲ. ಎರಡನೆಯದು ಜಿಎಸ್‌ಟಿ. ನಿಮ್ಮ ವಾರ್ಷಿಕ ಜಮೆ 20 ಲಕ್ಷಕ್ಕಿಂತ ಬಹಳ ಕೆಳಗಿರುವುದರಿಂದ ನಿಮಗೆ ನೋಂದಣಿ ಬೇಕಿಲ್ಲ, ನೀವು ಜಿಎಸ್‌ಟಿ ಹಾಕುವಂತೆಯೂ ಇಲ್ಲ. ಆದರೆ ಪ್ರಾಯೋಜಕತ್ವಕ್ಕೆ ಒಂದು ವಿಶೇಷ ನಿಯಮವಿದೆ: ಜಾಹೀರಾತಿನ ಜಾಗ ಕೊಡುವವರು ನಿಮ್ಮಂಥ ಸಂಘವಾಗಿದ್ದು, ಅದನ್ನು ಪಡೆಯುವ ಪ್ರಾಯೋಜಕರು ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದರೆ 18% ತೆರಿಗೆಯನ್ನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಆ ಪ್ರಾಯೋಜಕರೇ ಕಟ್ಟಬೇಕು. ನಿಮ್ಮ ಪತ್ರದ ವಿಳಾಸದಲ್ಲಿ "ಅಂಡ್ ಸನ್ಸ್" ಎಂದಿದೆ, ಅದು ಪಾಲುದಾರಿಕೆಯೇ ಆಗಿದ್ದರೆ 25,000ದ ಮೇಲೆ 4,500 ರೂಪಾಯಿ ಅವರು ಕಟ್ಟಬೇಕಾಗುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಾದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯುತ್ತಾರೆ, ಕಾಂಪೊಸಿಷನ್ ಪದ್ಧತಿಯವರಾದರೆ ಅದು ಅವರಿಗೆ ನಿಜವಾದ ಖರ್ಚು. ಒಬ್ಬರೇ ಮಾಲೀಕರ ಅಂಗಡಿಯಾದರೆ ಈ ಪ್ರಶ್ನೆಯೇ ಬರುವುದಿಲ್ಲ. ಇದನ್ನು ನೀವು ಅವರಿಗೆ ಪಾಠ ಮಾಡಬೇಕಾಗಿಲ್ಲ, ಕ್ಲಬ್‌ಗೆ ಜಿಎಸ್‌ಟಿ ನೋಂದಣಿ ಇಲ್ಲವೆಂದು ಒಂದು ವಾಕ್ಯ ಬರೆದರೆ ಉಳಿದದ್ದನ್ನು ಅವರ ಲೆಕ್ಕಿಗರು ನೋಡಿಕೊಳ್ಳುತ್ತಾರೆ. ಆ ಒಂದು ವಾಕ್ಯ ಇಲ್ಲದೆ ಹೋದರೆ, ಆರು ತಿಂಗಳ ನಂತರ ಅವರಿಗೆ 4,500 ರೂಪಾಯಿಯ ವಿಷಯ ಹೊಸದಾಗಿ ತಿಳಿದು ನಿಮ್ಮ ಮೇಲೆ ಬೇಸರವಾಗುತ್ತದೆ.

ಇಷ್ಟನ್ನು ಇಟ್ಟುಕೊಂಡು ಪತ್ರವನ್ನು ಹೀಗೆ ಬರೆಯಬಹುದು. ಒಂದು ಪುಟ ಮೀರಬಾರದು.

ದಿನಾಂಕ: ..........

ಇಂದ:
ಕಾರ್ಯದರ್ಶಿ, .......... ಕ್ರಿಕೆಟ್ ಕ್ಲಬ್, ತಿಪಟೂರು
ಸಂಘದ ನೋಂದಣಿ ಸಂಖ್ಯೆ: ..........

ಗೆ:
ಶ್ರೀ .......... ಅವರು, .......... ಅಂಡ್ ಸನ್ಸ್, ತಿಪಟೂರು

ಮಾನ್ಯರೇ,

ವಿಷಯ: ಜನವರಿಯಿಂದ ಮೇವರೆಗಿನ ಟೂರ್ನಿಗಳಲ್ಲಿ ನಮ್ಮ ತಂಡದ ಜರ್ಸಿಯ ಮೇಲೆ ತಮ್ಮ ಅಂಗಡಿಯ ಜಾಹೀರಾತು

ಮುಂದಿನ ಜನವರಿ 1ರಿಂದ ಮೇ 31ರವರೆಗೆ ಹೊನ್ನವಳ್ಳಿ, ನೊಣವಿನಕೆರೆ ಮತ್ತು ಕಿಬ್ಬನಹಳ್ಳಿ ಹೋಬಳಿಗಳಲ್ಲಿ ನಡೆಯುವ 6 ಟೆನಿಸ್ ಬಾಲ್ ಟೂರ್ನಿಗಳಲ್ಲಿ ನಮ್ಮ ತಂಡ ಆಡಲಿದೆ. ಈ ಪಂದ್ಯಗಳನ್ನು ನೋಡಲು ಬರುವವರಲ್ಲಿ ಹೆಚ್ಚಿನವರು ತೆಂಗು ಬೆಳೆಗಾರರು ಮತ್ತು ಅವರ ಮನೆಯವರು. ಬೇಸಿಗೆಯಲ್ಲಿ ಪಂಪು, ಪೈಪು ಕೊಳ್ಳಲು ತಿಪಟೂರಿಗೆ ಬರುವವರೂ ಇವರೇ ಆದ್ದರಿಂದ, ನಮ್ಮ ಜರ್ಸಿಯ ಮೇಲಿನ ಮುಖ್ಯ ಜಾಗವನ್ನು ಮೊದಲು ತಮಗೇ ಸೂಚಿಸುತ್ತಿದ್ದೇವೆ.

ತಮ್ಮ ಅಂಗಡಿಯ ಹೆಸರು ಮತ್ತು ಊರನ್ನು 20 ಜರ್ಸಿಗಳ ಬೆನ್ನಿನ ಮೇಲ್ಭಾಗದಲ್ಲಿ 11 ಅಂಗುಲ ಅಗಲ, 2.5 ಅಂಗುಲ ಎತ್ತರದಲ್ಲಿಯೂ ಎದೆಯ ನಡುವೆ 8 ಅಂಗುಲ ಅಗಲದಲ್ಲಿಯೂ ಮುದ್ರಿಸುತ್ತೇವೆ. ತೋಳಿನ ಜಾಗವನ್ನು ಇನ್ನೊಬ್ಬರಿಗೆ ಕೊಡಬಹುದು, ಆದರೆ ಪಂಪು, ಪೈಪು ಮತ್ತು ನೀರಾವರಿ ಸಾಮಾನಿನ ವ್ಯಾಪಾರಿಗಳಿಗೆ ಕೊಡುವುದಿಲ್ಲ. ಕನಿಷ್ಠ 6 ಪಂದ್ಯಗಳನ್ನು ಈ ಜರ್ಸಿಯಲ್ಲಿ ಆಡುತ್ತೇವೆ. ಹಿಂದಿನ ವರ್ಷ ನಾವು ಆಡಿದ್ದು 14 ಪಂದ್ಯ. ಮಳೆ ಅಥವಾ ಬೇರೆ ಕಾರಣದಿಂದ 6 ತುಂಬದಿದ್ದರೆ ಮುಂದಿನ ಋತುವಿನಲ್ಲಿ, ಹೆಚ್ಚುವರಿ ಹಣವಿಲ್ಲದೆ, ಅವನ್ನು ಪೂರ್ತಿ ಮಾಡುತ್ತೇವೆ. ಜರ್ಸಿಗಳು ಕ್ಲಬ್‌ನ ವಶದಲ್ಲಿರುತ್ತವೆ. ಆಟಗಾರರು ಅವನ್ನು ಧರಿಸಿ ಬೇರೆ ತಂಡಕ್ಕೆ ಆಡುವುದಿಲ್ಲ.

ಇದಕ್ಕೆ ಜಾಹೀರಾತಿನ ಶುಲ್ಕ 25,000 ರೂಪಾಯಿ. ಇದರಲ್ಲಿ 15,000 ಜರ್ಸಿ ಮತ್ತು ಪ್ಯಾಂಟಿನ ತಯಾರಿಕೆಗೆ, 10,000 ಟೂರ್ನಿಗಳ ಪ್ರವೇಶ ಶುಲ್ಕಕ್ಕೆ ವೆಚ್ಚವಾಗುತ್ತದೆ. ಮುದ್ರಣದ ಮಾದರಿಯನ್ನು ತಾವು ಒಪ್ಪಿ ಸಹಿ ಮಾಡಿದ ಮೇಲೆ 15,000, ಮೊದಲ ಟೂರ್ನಿಯ ಚಿತ್ರಗಳನ್ನು ತಲುಪಿಸಿದ ಮೇಲೆ 10,000 ರೂಪಾಯಿಯನ್ನು ಕ್ಲಬ್‌ನ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕಾಗಿ ಕೋರುತ್ತೇವೆ. ಪ್ರತಿ ಜಮೆಗೂ ರಸೀದಿ ಕೊಡುತ್ತೇವೆ. ಕ್ಲಬ್ ಜಿಎಸ್‌ಟಿ ಅಡಿ ನೋಂದಣಿ ಹೊಂದಿಲ್ಲ.

ಪ್ರತಿ ಟೂರ್ನಿಯ ನಂತರ ಜರ್ಸಿ ಕಾಣುವಂತಹ 3 ಚಿತ್ರಗಳನ್ನೂ ಪಂದ್ಯದ ದಿನಾಂಕ ಮತ್ತು ಸ್ಥಳವನ್ನೂ ತಮಗೆ ಕಳಿಸುತ್ತೇವೆ. ಡಿಸೆಂಬರ್ 5ರೊಳಗೆ ತಮ್ಮ ತೀರ್ಮಾನ ತಿಳಿದರೆ ಜನವರಿಯ ಮೊದಲ ಪಂದ್ಯಕ್ಕೆ ಜರ್ಸಿ ಸಿದ್ಧವಾಗುತ್ತದೆ. ಲಗತ್ತು: ಜರ್ಸಿಯ ನಮೂನೆ, ಮೈದಾನದಲ್ಲಿ ತೆಗೆದ ಚಿತ್ರ, ಜರ್ಸಿಯ ಕೊಟೇಶನ್, ಟೂರ್ನಿಗಳ ಪಟ್ಟಿ.

ಇಂತಿ ತಮ್ಮ ವಿಶ್ವಾಸಿಗಳು,
ಕಾರ್ಯದರ್ಶಿ (ಸಹಿ)          ಖಜಾಂಚಿ (ಸಹಿ)

ಹಣವನ್ನು ಎರಡು ಕಂತಿಗೆ ಒಡೆದದ್ದು ಬೇಕೆಂದೇ. ಪೂರ್ತಿ ಹಣ ಪಡೆದು ಆಮೇಲೆ ಕಾಣಿಸಿಕೊಳ್ಳದ ತಂಡಗಳನ್ನು ಎಲ್ಲ ಅಂಗಡಿಯವರೂ ಕಂಡಿರುತ್ತಾರೆ. ಎರಡನೆಯ ಕಂತು ಚಿತ್ರಗಳನ್ನು ಕೊಟ್ಟ ಮೇಲೆ ಎಂದಾಗ, ಕೆಲಸ ಆಗುವವರೆಗೆ ಸ್ವಲ್ಪ ಹಣ ತಮ್ಮ ಕೈಯಲ್ಲೇ ಇರುತ್ತದೆಂಬ ಧೈರ್ಯ ಅವರಿಗೆ ಬರುತ್ತದೆ, ಫೋಟೊ ಕಳಿಸುವ ಶಿಸ್ತು ನಿಮಗೂ ಬರುತ್ತದೆ. ಮೊದಲ ಕಂತನ್ನು ಜರ್ಸಿ ಹೊಲಿಯುವವರಿಗೇ ನೇರವಾಗಿ ಕೊಡುತ್ತೇವೆಂದು ಅವರು ಹೇಳಿದರೆ ಒಪ್ಪಿಕೊಳ್ಳಿ, ಆದರೆ ಬಿಲ್ಲು ಯಾರ ಹೆಸರಿನಲ್ಲಿರಬೇಕೆಂದು ಅವರ ಲೆಕ್ಕಿಗರನ್ನು ಕೇಳಿಯೇ ಬರೆಸಿ. ಚಿತ್ರ, ದಿನಾಂಕ, ರಸೀದಿ ಇವು ಅವರಿಗೆ ಬರೀ ನೆನಪಿನ ವಸ್ತುಗಳಲ್ಲ, ಜಾಹೀರಾತು ನಿಜವಾಗಿ ಆಗಿದೆಯೆಂದು ತೋರಿಸಲು ಲೆಕ್ಕದ ಕಡತದಲ್ಲಿ ಬೇಕಾಗುವ ದಾಖಲೆಗಳು.

ಪತ್ರವನ್ನು ನವೆಂಬರ್‌ನಲ್ಲಿ, ದೀಪಾವಳಿಯ ಗಡಿಬಿಡಿ ಮುಗಿದ ಮೇಲೆ ಕೊಡಿ. ಕೊಬ್ಬರಿ ಹರಾಜಿನ ದಿನ ಹೋಗಬೇಡಿ, ಅಂದು ಹಳ್ಳಿಗಳಿಂದ ಬಂದ ಗಿರಾಕಿಗಳಿಂದ ಅಂಗಡಿ ತುಂಬಿರುತ್ತದೆ, ನಿಮ್ಮ ಕಾಗದ ಬಿಲ್ ಪುಸ್ತಕದ ಕೆಳಗೆ ಸೇರಿಬಿಡುತ್ತದೆ. ಬೇರೆ ದಿನ ಮಧ್ಯಾಹ್ನ ಇಬ್ಬರೇ ಹೋಗಿ, ಪಿನ್ನು ಹಾಕಿದ ಆ ಹಳೆಯ ಟೀಶರ್ಟನ್ನೂ ಕೊಂಡೊಯ್ಯಿರಿ. ಅಂಗಡಿಯಲ್ಲಿ ತಂದೆ, ಮಗ ಇಬ್ಬರೂ ಕೂರುವುದಾದರೆ ಇಬ್ಬರೂ ಇರುವಾಗಲೇ ಮಾತಾಡಿ. ಒಬ್ಬರು ಒಪ್ಪಿ ಇನ್ನೊಬ್ಬರನ್ನು ಕೇಳಬೇಕೆಂದು ಮುಂದೂಡಿದ ಮಾತು ಸಾಮಾನ್ಯವಾಗಿ ಅಲ್ಲಿಯೇ ನಿಲ್ಲುತ್ತದೆ. ದರ ಇಳಿಸಲು ಕೇಳಿದರೆ ಹಣದ ಜೊತೆ ಜಾಗವನ್ನೂ ಇಳಿಸಿ: 15,000ಕ್ಕೆ ಬೆನ್ನು ಮಾತ್ರ, ಎದೆ ಬೇರೆಯವರಿಗೆ. ಜಾಗ ಅಷ್ಟೇ ಇಟ್ಟು ಹಣ ಮಾತ್ರ ಇಳಿಸಿದರೆ ಮೊದಲು ಹೇಳಿದ 25,000ಕ್ಕೆ ಆಧಾರವಿರಲಿಲ್ಲವೆಂದು ನೀವೇ ಒಪ್ಪಿದಂತಾಗುತ್ತದೆ.

ಅವರು ಒಪ್ಪಿದ ಮೇಲೆ ಕೆಲಸ ಕೆಡುವುದು ಹೆಚ್ಚಾಗಿ ಮುದ್ರಣದಲ್ಲಿ. ಈಗಿನ ಜರ್ಸಿಗಳನ್ನು ಪಾಲಿಯೆಸ್ಟರ್ ಬಟ್ಟೆಯ ಮೇಲೆ ಸಬ್ಲಿಮೇಷನ್ ವಿಧಾನದಲ್ಲಿ ಮುದ್ರಿಸುತ್ತಾರೆ. ಬಣ್ಣ ಬಿಸಿಯಲ್ಲಿ ನೂಲಿನೊಳಗೇ ಇಳಿಯುವುದರಿಂದ ಒಗೆದರೂ ಏಳುವುದಿಲ್ಲ. ಸಿದ್ಧ ಜರ್ಸಿಯ ಮೇಲೆ ಹಾಳೆಯನ್ನು ಕತ್ತರಿಸಿ ಬಿಸಿ ಒತ್ತಿ ಅಂಟಿಸುವ ವಿನೈಲ್ ಸ್ಟಿಕರ್ ಅಗ್ಗವಾದರೂ ಕೆಲವು ಒಗೆತಕ್ಕೇ ಬಿರಿಯತೊಡಗುತ್ತದೆ, ಬಿರಿದ ಹೆಸರನ್ನು ಹೊತ್ತು ಆಡುವುದಕ್ಕಿಂತ ಹೆಸರಿಲ್ಲದೆ ಆಡುವುದು ಅಂಗಡಿಗೆ ಮೇಲು. ಕೊಟೇಶನ್ನಿನಲ್ಲಿ ಸಬ್ಲಿಮೇಷನ್ ಎಂಬ ಪದ ಇದೆಯೇ ನೋಡಿಕೊಳ್ಳಿ. ಲೋಗೊವನ್ನು ವಿಸಿಟಿಂಗ್ ಕಾರ್ಡಿನಿಂದ ಫೋಟೊ ತೆಗೆದು ಕಳಿಸಬೇಡಿ, 11 ಅಂಗುಲಕ್ಕೆ ಹಿಗ್ಗಿಸಿದಾಗ ಅಂಚುಗಳು ಮಸುಕಾಗುತ್ತವೆ. ಅಂಗಡಿಯ ಬೋರ್ಡ್ ಬರೆದ ಫ್ಲೆಕ್ಸ್‌ನವರ ಬಳಿ ಕೋರಲ್‌ಡ್ರಾ ಕಡತ ಇದ್ದೇ ಇರುತ್ತದೆ, ಅದನ್ನು ಕೇಳಿ ಪಡೆಯಿರಿ. ಆ ಕಡತದಲ್ಲಿನ ಕನ್ನಡ ಅಕ್ಷರಗಳನ್ನು ಕರ್ವ್‌ಗೆ ಬದಲಿಸಿ ಕೊಡಿ ಎಂದು ಮರೆಯದೆ ಹೇಳಿ. ಹಾಗೆ ಮಾಡದಿದ್ದರೆ, ಜರ್ಸಿ ಮುದ್ರಿಸುವವರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಾಗ ಒತ್ತಕ್ಷರಗಳು ಜಾಗ ಬಿಟ್ಟು ಹೋಗುತ್ತವೆ ಅಥವಾ ಇಡೀ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಕನ್ನಡ ಓದಲು ಬಾರದ ಮುದ್ರಕರಿಗೆ ಅದು ತಪ್ಪೆಂದು ಗೊತ್ತಾಗುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಚಿತ್ರವಾಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ.

20 ಜೊತೆಯನ್ನೂ ಮುದ್ರಿಸುವ ಮೊದಲು ಒಂದೇ ಒಂದು ಜರ್ಸಿಯನ್ನು ಪೂರ್ತಿ ಮಾಡಿಸಿ ತರಿಸಿಕೊಳ್ಳಿ. ಅದನ್ನು ಅಂಗಡಿಗೆ ಒಯ್ದು, ಹೆಸರಿನ ಪ್ರತಿ ಅಕ್ಷರ, ಬಣ್ಣ, ಊರಿನ ಹೆಸರು ಎಲ್ಲವನ್ನೂ ಮಾಲೀಕರೇ ಓದಿ ನೋಡುವಂತೆ ಮಾಡಿ, ಪತ್ರದ ಪ್ರತಿಯ ಮೇಲೆ "ಮಾದರಿ ಒಪ್ಪಿದೆ" ಎಂದು ದಿನಾಂಕದೊಂದಿಗೆ ಸಹಿ ಪಡೆಯಿರಿ. ಮೊದಲ ಕಂತು ಕೇಳಬೇಕಾದದ್ದು ಆ ಸಹಿ ಬಿದ್ದ ಮೇಲೆ.